ಮಾಡಹಾಗಲವಲ್ಲ, ಅದು ಉಮ್ಮತ್ತದ ಕಾಯಿ

ಮಾನ್ಯರೇ,

ನಮ್ಮ ಉಡುಪಿಯ ಶಾಲೆಗಳ ದಾರಿಬದಿಯಲ್ಲಿ, ಖಾಲಿ ಜಾಗಗಳಲ್ಲಿ ಉಮ್ಮತ್ತದ ಗಿಡ ಬೆಳೆದು ನಿಂತಿದ್ದರೂ ಯಾರೂ ಕೀಳುತ್ತಿಲ್ಲ. ಮೊನ್ನೆ ಪಕ್ಕದ ಮನೆಯ ಹುಡುಗ ಅದರ ಮುಳ್ಳುಮುಳ್ಳು ಹಸಿರು ಕಾಯಿಯನ್ನು ಮಾಡಹಾಗಲವೆಂದುಕೊಂಡು ಅಡುಗೆ ಆಟಕ್ಕೆ ತಂದಿದ್ದ. ತಪ್ಪು ಅವನದ್ದಲ್ಲ, ನೋಡಲು ಹಾಗೆಯೇ ಇದೆ ಅಲ್ವಾ! ಒಡೆದರೆ ಒಳಗೆ ಮೆಣಸಿನ ಬೀಜದಂಥ ಚಪ್ಪಟೆ ಬೀಜಗಳು. ವಿಷ ಗಿಡದ ತುಂಬಾ ಇದ್ದರೂ ಮಕ್ಕಳ ಬಾಯಿಗೆ ಸುಲಭವಾಗಿ ಹೋಗುವುದು ಈ ಬೀಜವೇ.

ತಿಂದ ಮಗುವಿಗೆ ಬಾಯಿ ಒಣಗುತ್ತದೆ, ಮುಖ ಕೆಂಪಾಗಿ ಮೈ ಬಿಸಿಯಾಗುತ್ತದೆ, ಆದರೆ ಬೆವರುವುದಿಲ್ಲ. ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕು ಚುಚ್ಚುತ್ತದೆ. ಆಮೇಲೆ ಏನೇನೋ ಬಡಬಡಿಸುತ್ತಾ, ಇಲ್ಲದ ವಸ್ತುವನ್ನು ಗಾಳಿಯಲ್ಲಿ ಹಿಡಿಯಲು ಹೋಗುತ್ತದೆ. ಇದನ್ನು ಸುಮ್ನೆ ಜ್ವರವೆಂದೋ ದೆವ್ವದ ಸೋಂಕು ತಗುಲಿತೆಂದೋ ಹೊತ್ತು ಕಳೆಯಬಾರದು. ವಾಂತಿ ಮಾಡಿಸುವುದೂ ಬೇಡ. ಉಳಿದ ಕಾಯಿಯ ಸಮೇತ ಆಸ್ಪತ್ರೆಗೆ ಓಡಬೇಕು.

ಕಿತ್ತಳೆ ಬಣ್ಣದ ಕಾಸರಕದ ಹಣ್ಣು, ಕೆಂಪು ಗುಲಗಂಜಿ ಕೂಡ ವಿಷದವೇ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಪಂಚಾಯತ್, ನಗರಸಭೆಯವರು ಶಾಲೆ, ಅಂಗನವಾಡಿಗಳ ಸುತ್ತ ಉಮ್ಮತ್ತವನ್ನು ಕಾಯಿ ಒಣಗಿ ಬೀಜ ಉದುರುವ ಮುನ್ನವೇ ಬೇರುಸಮೇತ ಕೀಳಿಸಲಿ. ಶಿಕ್ಷಕರು ಈ ಮೂರರ ಚಿತ್ರವನ್ನು ತುಳು, ಕನ್ನಡ ಹೆಸರುಗಳ ಜೊತೆ ತರಗತಿಯ ಗೋಡೆಗೆ ಅಂಟಿಸಲಿ.

– ಓರ್ವ ಓದುಗ, ಉಡುಪಿ