ಆ ಹತ್ತು ಹಾಳೆಗಳು

ಪುಟ್ಟಿ,

ನಿನ್ನೆ ನೀನು ಫೋನಿಗೆ ಬರಲಿಲ್ಲ. ಕೋಪ ಇನ್ನೂ ಇಳಿದಿಲ್ಲ ಅಂತ ಅಪ್ಪ ಹೇಳಿದರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅಜ್ಜಿಯ ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದಾರೆ. ನೋವು ಕಮ್ಮಿ ಆಗಿದೆ, ಊಟ ಸರಿಯಾಗಿ ಮಾಡುತ್ತಿದ್ದಾರೆ. ಹೆದರಬೇಡ. ಶಿರಸಿಯಲ್ಲಿ ಮಳೆ ಬಿಟ್ಟೇ ಇಲ್ಲ.

ಈಗ ನಿನ್ನ ಪುಸ್ತಕದ ವಿಷಯ, ಹಾಳೆಗಳನ್ನು ಸರಸರನೆ ಬಿಟ್ಟರೆ ನೀನು ಓಡಿಬರುವ ಹಾಗೆ ಕಾಣುವ ಆ ಚಿತ್ರದ ಪುಸ್ತಕ. ಬಂದ ದಿನವೇ ಕೊಟ್ಟೆ. ಅಜ್ಜಿ ಅದನ್ನು ಪ್ಲಾಸ್ಟರ್ ಮೇಲೆ ಇಟ್ಟುಕೊಂಡು ಬಲಗೈ ಹೆಬ್ಬೆರಳಿನಿಂದ ಬಿಟ್ಟರು. ಏನೂ ಓಡಲಿಲ್ಲ. ಇಲ್ಲಿಯ ಥಂಡಿಗೆ ಹಾಳೆಗಳೆಲ್ಲ ಮೆತ್ತಗಾಗಿ, ಮೂರು ನಾಲ್ಕು ಒಟ್ಟಿಗೆ ಅಂಟಿಕೊಂಡು ಬೀಳುತ್ತಿದ್ದವು. ಗೇಟಿನ ಹತ್ತಿರ ಇದ್ದ ಹುಡುಗಿ ಒಮ್ಮೆಲೇ ತುಳಸಿಕಟ್ಟೆ ಹತ್ತಿರ ಇರುತ್ತಿದ್ದಳು. ಬಚ್ಚಲ ಒಲೆಯಿಂದ ಒಂದು ಮೊಳ ದೂರದಲ್ಲಿ ಮಣೆಯ ಮೇಲೆ ಹಾಳೆ ಹರಡಿ ಒಂದು ಗಂಟೆ ಒಣಗಿಸಿದೆ. ಗರಿಗರಿಯಾದ ಮೇಲೆ ಮತ್ತೆ ಕ್ಲಿಪ್ ಹಾಕಿಕೊಟ್ಟೆ.

ಆಗ ಓಡಿದೆ ನೋಡು ನೀನು! ಜಡೆ ಎರಡೂ ಕಡೆ ಹಾರುತ್ತಿತ್ತು. ಜಡೆಯನ್ನು ಮೈಗಿಂತ ಒಂದು ಹಾಳೆ ಹಿಂದೆ ಬಿಟ್ಟು ಬರೆದಿದ್ದೀಯಲ್ಲ, ಅದನ್ನು ಯಾರು ಹೇಳಿಕೊಟ್ಟರು? ನನಗಂತೂ ಗೊತ್ತಿರಲಿಲ್ಲ. ಗೇಟು, ಅಂಗಳ, ತುಳಸಿಕಟ್ಟೆ, ಮೆಟ್ಟಿಲು. ಆಮೇಲೆ ತಲೆ ಎತ್ತಿ ಮುಖ ತಿರುಗಿಸುತ್ತೀಯ. ಅಷ್ಟರಲ್ಲಿ ಹಿಂದಿನ ಖಾಲಿ ರಟ್ಟು ಬಂದುಬಿಟ್ಟಿತು.

"ಬಂದಳೇನೇ? ಮುಖ ಕಾಣಲೇ ಇಲ್ಲ" ಅಂದರು ಅಜ್ಜಿ.

ನನಗೆ ಎದೆ ಧಸಕ್ ಅಂತು. ನೀನು ಬರೆದದ್ದು 48 ಹಾಳೆ. ಕೊನೆಯ ಹತ್ತರಲ್ಲಿ ಒಂದೇ ಚಿತ್ರ, ನಿನ್ನ ಮುಖ, ನಗು. ಅದನ್ನು ನೋಡಿ ನಾನು ಏನಂದೆ? "ಒಂದನ್ನೇ ಹತ್ತು ಸಲ ಬರೆಯೋದಕ್ಕೆ ಗಣಿತದ ನೋಟ್‌ಬುಕ್ಕೇ ಬೇಕಿತ್ತಾ? ಹಾಳೆ ದಂಡ." ನೀನು "ಅಮ್ಮಾ, ಅವು ನಿಲ್ಲೋ ಹಾಳೆ" ಅಂತ ಹೇಳಲು ಬಂದೆ. ನಾನು ಕೇಳಲೇ ಇಲ್ಲ. ನಿನ್ನ ಕೈಯಿಂದಲೇ ಕೀಳಿಸಿದೆ.

ರಾತ್ರಿ ಲೆಕ್ಕ ಹಾಕಿದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಅಜ್ಜಿಯ ಹೆಬ್ಬೆರಳಿಗೆ ಹೆಚ್ಚೆಂದರೆ ಹತ್ತು. ಅಂದರೆ ಆ ಹತ್ತು ಹಾಳೆ ಒಂದು ಸೆಕೆಂಡು. ಓಡುವಾಗ ಹಾಳೆಯಿಂದ ಹಾಳೆಗೆ ಚಿತ್ರ ಬದಲಾಗಬೇಕು, ನಿಲ್ಲುವಾಗ ಬದಲಾಗಬಾರದು. ಹಾಗಿದ್ದರೆ ಮಾತ್ರ ಕಣ್ಣಿಗೆ ಮುಖ ಸಿಗುತ್ತದೆ. ನೀನು ಅಜ್ಜಿಗೆ ಒಂದು ಸೆಕೆಂಡು ಮುಖ ತೋರಿಸಬೇಕು ಅಂತ ಮಾಡಿದ್ದೆ. ಅದನ್ನೇ ನಾನು ಕಿತ್ತುಹಾಕಿಸಿದೆ. ತಪ್ಪು ನನ್ನದು ಪುಟ್ಟಿ.

ಉಳಿದಿದ್ದರಲ್ಲಿ ಕೊನೆಯ ಹಾಳೆ ಬಿಡಿಸಿ ಹಿಡಿದು ತೋರಿಸಿದೆ. ಅಜ್ಜಿ ನೋಡಿದರು. "ಇದು ಚಿತ್ರ. ಅವಳು ಬರ್ತಾ ಇದ್ದಳಲ್ಲೇ" ಅಂದರು.

ನಾನೇ ಬರೆಯಲು ಕೂತೆ. ಕಿಟಕಿ ಗಾಜಿಗೆ ನಿನ್ನ ಹಾಳೆ, ಅದರ ಮೇಲೆ ಹೊಸದು ಒತ್ತಿ ಹಿಡಿದು, ಬೆಳಕಿನಲ್ಲಿ ಕಂಡ ಗೆರೆ ಮೇಲೆ ಪೆನ್ಸಿಲ್ ಎಳೆದೆ. ಮೂರು ಬರೆದೆ. ತಿರುಗಿಸಿದರೆ ಮೂಗು ಕುಣಿಯುತ್ತದೆ! ಒಂದು ಕೂದಲೆಳೆ ಆಚೀಚೆ ಆದರೂ ಮುಖವೆಲ್ಲ ನಡುಗುತ್ತದೆ. ಒಂದೇ ಚಿತ್ರ ಹತ್ತು ಸಲ ಬರೆಯುವುದೇ ಕಷ್ಟ ಅಂತ ಈಗ ಗೊತ್ತಾಯಿತು. ನೀನು ಮೂರು ಸಂಜೆ ಕೂತದ್ದು ಅದಕ್ಕೇ ಅಲ್ವಾ?

ಹಾಗಂತ ಗಣಿತದ ನೋಟ್‌ಬುಕ್ ಹರಿದದ್ದು ಸರಿ ಅಂತ ಅಲ್ಲ. ಹಾಳೆ ಬೇಕಿದ್ದರೆ ಕೇಳಬೇಕು. ಕತ್ತಲಾದ ಮೇಲೆ ಟೇಬಲ್ ದೀಪ ಹಾಕಿಕೊಳ್ಳಬೇಕು, ಬೆನ್ನು ಬಗ್ಗಿಸಿ ಕೂರಬಾರದು, ಪರೀಕ್ಷೆ ಇರೋದು ಮುಂದಿನ ತಿಂಗಳೇ... ನೋಡು, ಮತ್ತೆ ಶುರು ಮಾಡಿದೆ. ಇಷ್ಟಕ್ಕೇ ಬಿಡುತ್ತೇನೆ.

ಅಜ್ಜಿಗೆ ಈಗ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಈ ತೋಟದ ಮಧ್ಯೆ ವಿಡಿಯೋ ಕಾಲ್ ಹಿಡಿದರೆ ಮುಖ ಅರ್ಧಕ್ಕೇ ನಿಂತುಬಿಡುತ್ತದೆ. ಪುಣೆಯಿಂದ ನೀನು ಇಲ್ಲಿಗೆ ಬರೋದು ದೀಪಾವಳಿ ರಜೆಗೆ. ಅಷ್ಟು ದಿನ ಅವರು ಇರುತ್ತಾರೆ, ಖಂಡಿತ ಇರುತ್ತಾರೆ. ಆದರೂ ರಾತ್ರಿ ಅವರು ಕೆಮ್ಮಿದಾಗೆಲ್ಲ ನನಗೆ ಎಚ್ಚರ ಆಗುತ್ತದೆ.

ಆ ಹತ್ತು ಹಾಳೆಯನ್ನು ನಾನು ಬಿಸಾಡಿಲ್ಲ. ಅಡುಗೆಮನೆಯ ಕಪಾಟಿನಲ್ಲಿ, ರೇಷನ್ ಕಾರ್ಡ್ ಇಟ್ಟಿರುವ ಕವರಿನಲ್ಲಿ ಇವೆ. ಅಪ್ಪನಿಗೆ ಹೇಳಿ ಸ್ಪೀಡ್ ಪೋಸ್ಟ್ ಮಾಡಿಸು. ಮಳೆ ನೀರು ತಾಗದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸು. ಒಲೆ ಹತ್ತಿರ ಒಣಗಿಸಿ, ಕೊನೆಗೆ ಸೇರಿಸಿ, ನಾನೇ ಅಜ್ಜಿಯ ಪ್ಲಾಸ್ಟರ್ ಮೇಲೆ ಇಡುತ್ತೇನೆ.

ನಿನ್ನ ಅಮ್ಮ