ವರ್ಷಾಂತ್ಯದ ಕಾರು ಮಾರಾಟ: ತಯಾರಿಕೆಯ ವರ್ಷ ಮತ್ತು ರಿಯಾಯಿತಿಯ ಕುರಿತು ಗ್ರಾಹಕರಿಗೆ ಪತ್ರ

ದಾವಣಗೆರೆ
ಡಿಸೆಂಬರ್ 2025

ಮಾನ್ಯ ಗ್ರಾಹಕರೇ,

ಈ ತಿಂಗಳ ಕೊನೆಯೊಳಗೆ ನಮ್ಮ ಯಾರ್ಡ್‌ನಲ್ಲಿರುವ 2025ರ ತಯಾರಿಕೆಯ ಕಾರುಗಳನ್ನು ರಿಯಾಯಿತಿ ದರದಲ್ಲಿ ಮಾರುತ್ತಿದ್ದೇವೆ. ಇಂಥ ಮಾರಾಟವನ್ನು ನಾವು ಪ್ರತಿ ಡಿಸೆಂಬರ್‌ನಲ್ಲೂ ಮಾಡುತ್ತೇವೆ. ಆದರೆ ಈ ವರ್ಷದಿಂದ ಒಂದು ಬದಲಾವಣೆ ತಂದಿದ್ದೇವೆ. ನಮ್ಮ ಜಾಹೀರಾತಿನಲ್ಲಾಗಲಿ ಕೊಟೇಶನ್‌ನಲ್ಲಾಗಲಿ ಇನ್ನು ಮುಂದೆ ‘ಇಷ್ಟು ರೂಪಾಯಿವರೆಗೆ ಉಳಿತಾಯ’ ಎಂಬ ಒಟ್ಟು ಮೊತ್ತ ಇರುವುದಿಲ್ಲ. ಅದರ ಬದಲು ಪ್ರತಿ ಕಾರಿನ ಗಾಜಿನ ಮೇಲೂ ಅದು ತಯಾರಾದ ತಿಂಗಳು ಮತ್ತು ವರ್ಷ, ಎಲ್ಲರಿಗೂ ಸಿಗುವ ರಿಯಾಯಿತಿ, ಷರತ್ತಿಗೆ ಒಳಪಟ್ಟ ರಿಯಾಯಿತಿ ಇವನ್ನು ಬೇರೆ ಬೇರೆಯಾಗಿ ಬರೆದ ಚೀಟಿ ಅಂಟಿಸಿದ್ದೇವೆ.

ಮೊದಲು ವರ್ಷದ ವಿಷಯ. ಜನವರಿ ಒಂದನೇ ತಾರೀಖು ಬಂದ ಕೂಡಲೇ ಯಾರ್ಡ್‌ನಲ್ಲಿ ಉಳಿದ ಕಾರು, ಒಂದು ಕಿಲೋಮೀಟರ್ ಓಡದಿದ್ದರೂ, ‘ಹೋದ ವರ್ಷದ ಗಾಡಿ’ ಆಗುತ್ತದೆ. ನಾವು ಡಿಸೆಂಬರ್‌ನಲ್ಲಿ ಬೆಲೆ ಇಳಿಸುವುದು ಈ ಕಾರಣಕ್ಕೇ. ಕಾರಿನ ಆರ್‌ಸಿಯಲ್ಲಿ ನೋಂದಣಿಯ ದಿನಾಂಕದ ಜೊತೆಗೆ ತಯಾರಿಕೆಯ ತಿಂಗಳು ಮತ್ತು ವರ್ಷವೂ ದಾಖಲಾಗುತ್ತದೆ. ಮುಂದೆ ನೀವು ಕಾರನ್ನು ಮಾರಲು ಹೊರಟಾಗ ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಹಣ ಕಟ್ಟುವ ಮುನ್ನ ಅದನ್ನು ತಿಳಿಯಬೇಕಾದರೆ ನಾವು ನಿಮ್ಮ ಹೆಸರಿಗೆ ಕೊಡುವ ಮಾರಾಟ ಪ್ರಮಾಣಪತ್ರದ, ಅಂದರೆ ಫಾರಂ 21ರ, ಕರಡನ್ನು ಕೇಳಿರಿ. ತಯಾರಿಕೆಯ ತಿಂಗಳು ಮತ್ತು ವರ್ಷಕ್ಕೆ ಅದರಲ್ಲಿ ಪ್ರತ್ಯೇಕ ಸಾಲಿದೆ. ಹದಿನೇಳು ಅಕ್ಷರ ಮತ್ತು ಅಂಕಿಗಳ ಚಾಸಿಸ್ ನಂಬರಿನಲ್ಲೂ ವರ್ಷದ ಗುರುತು ಇರುತ್ತದೆ. ಆದರೆ ತಿಂಗಳನ್ನು ಸೂಚಿಸುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ, ಅದನ್ನು ಓದಿ ಊಹಿಸುವುದಕ್ಕಿಂತ ಚಾಸಿಸ್ ನಂಬರನ್ನು ಫಾರಂ 21ರ ಜೊತೆ ತಾಳೆ ನೋಡುವುದು ಒಳ್ಳೆಯದು.

ಇನ್ನು ರಿಯಾಯಿತಿ. ನಮ್ಮಲ್ಲಿರುವ ಒಂದು ಪೆಟ್ರೋಲ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದು 2025ರ ಮೇ ತಿಂಗಳಲ್ಲಿ ತಯಾರಾದದ್ದು. ಎಕ್ಸ್ ಶೋರೂಂ ಬೆಲೆ ರೂ. 8,20,000. ಹಳೆಯ ಪದ್ಧತಿಯಲ್ಲಾಗಿದ್ದರೆ ಇದಕ್ಕೆ ‘ರೂ. 70,000ವರೆಗೆ ಉಳಿತಾಯ’ ಎಂದು ಬರೆಯುತ್ತಿದ್ದೆವು. ಆ ಎಪ್ಪತ್ತು ಸಾವಿರದಲ್ಲಿ ನಗದು ರಿಯಾಯಿತಿ ರೂ. 30,000, ಹಳೆಯ ಕಾರನ್ನು ನಮಗೆ ಕೊಟ್ಟವರಿಗೆ ಮಾತ್ರ ಸಿಗುವ ಎಕ್ಸ್‌ಚೇಂಜ್ ಬೋನಸ್ ರೂ. 25,000, ಕಂಪನಿಯ ಪಟ್ಟಿಯಲ್ಲಿರುವ ಸಂಸ್ಥೆಗಳ ನೌಕರರಿಗೆ ಮಾತ್ರ ಸಿಗುವ ರಿಯಾಯಿತಿ ರೂ. 5,000, ಉಳಿದ ರೂ. 10,000 ಮ್ಯಾಟ್, ಸೀಟ್ ಕವರ್, ಮಡ್ ಫ್ಲ್ಯಾಪ್ ಮುಂತಾದವುಗಳ ಎಂಆರ್‌ಪಿ. ಮೊದಲ ಬಾರಿ ಕಾರು ಕೊಳ್ಳುತ್ತಿರುವ, ಸ್ವಂತ ಅಂಗಡಿ ನಡೆಸುವ ಒಬ್ಬ ಗ್ರಾಹಕರಿಗೆ ಇದರಲ್ಲಿ ಕೈಗೆ ಹತ್ತುವುದು ಮೂವತ್ತು ಸಾವಿರ ಮತ್ತು ಆ ಸಾಮಾನುಗಳು ಮಾತ್ರ. ಸಾಮಾನು ಬೇಡವೆಂದವರಿಗೆ ಅದರ ಬದಲು ಬಿಲ್‌ನಲ್ಲಿ ರೂ. 6,000 ಕಡಿತ ಮಾಡುತ್ತೇವೆ. ಎಂಆರ್‌ಪಿಯ ಪೂರ್ತಿ ಮೊತ್ತ ಕೊಡಲು ಬರುವುದಿಲ್ಲ, ಏಕೆಂದರೆ ಅವು ನಮಗೆ ಬೀಳುವ ಬೆಲೆ ಅಷ್ಟಿಲ್ಲ. ಆಗ ಅವರ ಬಿಲ್ ರೂ. 7,84,000 ಆಗುತ್ತದೆ. ಕಳೆದ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಆದ ಬೆಲೆ ಕಡಿತ ಈ ಎಕ್ಸ್ ಶೋರೂಂ ಬೆಲೆಯಲ್ಲಿ ಆಗಲೇ ಸೇರಿದೆ. ಅದು ಸರ್ಕಾರದ ಇಳಿಕೆಯಾದ್ದರಿಂದ ನಮ್ಮ ರಿಯಾಯಿತಿಯ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.

ಈ ಕಾರನ್ನು ಕೊಳ್ಳುವುದು ಲಾಭವೇ ಎಂಬುದು ನೀವು ಅದನ್ನು ಎಷ್ಟು ವರ್ಷ ಇಟ್ಟುಕೊಳ್ಳುವಿರಿ ಎಂಬುದರ ಮೇಲೆ ನಿಂತಿದೆ. ಹಳೆ ಕಾರು ಕೊಳ್ಳುವಾಗ ನಾವು ಬೆಲೆ ಕಟ್ಟುವುದು ಆರ್‌ಸಿಯಲ್ಲಿರುವ ತಯಾರಿಕೆಯ ವರ್ಷವನ್ನು ನೋಡಿಯೇ. ನಾಲ್ಕು ವರ್ಷ ಓಡಿದ ಇಂಥ ಕಾರಿಗೆ ಒಂದು ವರ್ಷದ ಅಂತರವೆಂದರೆ ನಮ್ಮ ಅಂದಾಜಿನಲ್ಲಿ ನಲವತ್ತು ಸಾವಿರದ ಆಸುಪಾಸು. ಹಾಗಾಗಿ ಮೂರು ನಾಲ್ಕು ವರ್ಷಕ್ಕೆ ಕಾರು ಬದಲಿಸುವ ರೂಢಿಯಿರುವವರು, ಬದಲಿಗೆ ಕೊಡಲು ಹಳೆ ಕಾರೂ ಇಲ್ಲದಿದ್ದರೆ, ಈಗ ಉಳಿಸುವ ಮೂವತ್ತಾರು ಸಾವಿರವನ್ನು ಮಾರುವಾಗ ಬಹುಮಟ್ಟಿಗೆ ಕಳೆದುಕೊಳ್ಳುತ್ತಾರೆ. ಅವರು ಜನವರಿಯಲ್ಲಿ ಬರುವ 2026ರ ತಯಾರಿಕೆಗೆ ಕಾಯುವುದೇ ಸೂಕ್ತವೆಂದು ನಾವು ಮುಕ್ತವಾಗಿ ಹೇಳುತ್ತೇವೆ. ಎಂಟು ಹತ್ತು ವರ್ಷ ಒಂದೇ ಕಾರನ್ನು ಇಟ್ಟುಕೊಳ್ಳುವವರಿಗೆ ಈ ಅಂತರ ಸವೆದುಹೋಗುತ್ತದೆ. ಅವರಿಗೆ ಈಗಿನ ಬೆಲೆ ನಿಜವಾದ ಉಳಿತಾಯ. ಎಕ್ಸ್‌ಚೇಂಜ್ ಬೋನಸ್ ಸಿಗುವವರ ಲೆಕ್ಕ ಬೇರೆಯಾಗುತ್ತದೆಯಾದರೂ, ಹಳೆ ಕಾರಿಗೆ ನಾವು ಕಟ್ಟುವ ಬೆಲೆಯನ್ನೂ ಹೊರಗೆ ಸಿಗುವ ಬೆಲೆಯನ್ನೂ ಹೋಲಿಸಿ ನೋಡದೆ ಬೋನಸ್ಸನ್ನು ಲಾಭವೆಂದು ಎಣಿಸಬೇಡಿ.

ಕೆಲವು ತಿಂಗಳು ನಿಂತ ಕಾರಿನ ಬಗ್ಗೆ ಕೇಳುವ ಹಕ್ಕು ನಿಮಗಿದೆ. ನಿಂತಲ್ಲೇ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಡಿಸ್ಕ್ ಮೇಲೆ ತುಕ್ಕು ಕೂರುತ್ತದೆ, ಗಾಳಿ ಕಡಿಮೆಯಾದ ಟೈರು ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗಬಹುದು. ಡಿಸ್ಕ್ ಮೇಲಿನ ತೆಳು ತುಕ್ಕು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುವಂಥದ್ದು. ಆದರೆ ಚಾರ್ಜ್ ಹಿಡಿಯದ ಬ್ಯಾಟರಿಯನ್ನು ಬದಲಿಸಿಯೇ ಕೊಡಬೇಕು, ನಾವು ಹಾಗೆಯೇ ಕೊಡುತ್ತೇವೆ. ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 1825 ಎಂದಿದ್ದರೆ ಅದು 2025ರ ಹದಿನೆಂಟನೇ ವಾರದಲ್ಲಿ ತಯಾರಾದ ಟೈರು. ಮೇ ತಿಂಗಳ ಕಾರಿಗೆ ಅದು ಸರಿಹೊಂದುತ್ತದೆ. ನಾಲ್ಕು ಟೈರುಗಳಲ್ಲಿ ಒಂದರ ಅಂಕಿ ತೀರಾ ಬೇರೆಯಾಗಿದ್ದರೆ ಕಾರಣ ಕೇಳಿರಿ. ಕಂಪನಿಯ ವಾರಂಟಿ ನೀವು ಕಾರು ಪಡೆದ ದಿನದಿಂದ ಆರಂಭವಾಗುತ್ತದೆಯಾದ್ದರಿಂದ ಯಾರ್ಡ್‌ನಲ್ಲಿ ಕಳೆದ ತಿಂಗಳುಗಳು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಟೆಸ್ಟ್ ಡ್ರೈವ್‌ಗೆ ಬಳಸಿದ ಕಾರುಗಳು ನಮ್ಮ ಹೆಸರಿನಲ್ಲಿ ನೋಂದಣಿಯಾಗಿರುವುದರಿಂದ ಅವನ್ನು ಕೊಂಡವರು ಎರಡನೇ ಮಾಲೀಕರಾಗುತ್ತಾರೆ. ಅವನ್ನು ಈ ಮಾರಾಟದಲ್ಲಿ ಸೇರಿಸಿಲ್ಲ.

ಬಿಲ್‌ನ ಮೇಲೆ ಜೀವಿತಾವಧಿ ರಸ್ತೆ ತೆರಿಗೆ, ನೋಂದಣಿ ಶುಲ್ಕ, ಫಾಸ್ಟ್ಯಾಗ್ ಮತ್ತು ವಿಮೆ ಸೇರುತ್ತವೆ. ಇವುಗಳ ರಸೀದಿಗಳನ್ನು ಪ್ರತ್ಯೇಕವಾಗಿ ಕೊಡುತ್ತೇವೆ. ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಬಾಬ್ತು ನಮ್ಮಲ್ಲಿ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದನ್ನು ನಮ್ಮಿಂದಲೇ ಮಾಡಿಸಬೇಕೆಂಬುದು ಕಡ್ಡಾಯವಲ್ಲ. ಹೊರಗಿನ ಪಾಲಿಸಿ ತಂದವರಿಗೂ ರಿಯಾಯಿತಿ ಇಷ್ಟೇ ಇರುತ್ತದೆ. ಎರಡು ಪಾಲಿಸಿಗಳನ್ನು ಹೋಲಿಸುವಾಗ ಪ್ರೀಮಿಯಂ ಒಂದನ್ನೇ ನೋಡದೆ ಐಡಿವಿಯನ್ನೂ, ಅಂದರೆ ಪಾಲಿಸಿಯಲ್ಲಿ ಕಾರಿಗೆ ನಮೂದಿಸಿದ ಮೌಲ್ಯವನ್ನೂ, ನೋಡಿರಿ. ಐಡಿವಿ ಕಡಿಮೆ ಬರೆದು ಪ್ರೀಮಿಯಂ ಇಳಿಸಿದ ಪಾಲಿಸಿಯಲ್ಲಿ ಕಾರು ಕಳುವಾದರೆ ಸಿಗುವ ಹಣವೂ ಕಡಿಮೆ. ಎಕ್ಸ್‌ಟೆಂಡೆಡ್ ವಾರಂಟಿ ನಿಮ್ಮ ಇಚ್ಛೆಗೆ ಬಿಟ್ಟದ್ದು, ಅದು ಬೇಡವೆಂದರೂ ಬೆಲೆ ಬದಲಾಗುವುದಿಲ್ಲ.

ಈ ದರಗಳು ಡಿಸೆಂಬರ್ 31ರೊಳಗೆ ಬಿಲ್ ಆದ ಕಾರುಗಳಿಗೆ ಅನ್ವಯಿಸುತ್ತವೆ. ಬುಕಿಂಗ್ ಮಾಡಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ಸಾಲದ ಮಂಜೂರಾತಿಗೆ ಬ್ಯಾಂಕ್ ಕೆಲವು ದಿನ ತೆಗೆದುಕೊಳ್ಳುವುದರಿಂದ, ಸಾಲ ಪಡೆಯುವವರು ಕೊನೆಯ ವಾರದವರೆಗೆ ಕಾಯದೆ ಬರಬೇಕೆಂದು ಕೋರುತ್ತೇವೆ. ಸಾಲ ಮಂಜೂರಾಗದಿದ್ದರೆ ಬುಕಿಂಗ್ ಹಣವನ್ನು ಪೂರ್ತಿ ಹಿಂತಿರುಗಿಸುತ್ತೇವೆ. ನೀವು ಆರಿಸಿದ ಕಾರಿನ ಚಾಸಿಸ್ ನಂಬರನ್ನು ಬುಕಿಂಗ್ ರಸೀದಿಯ ಮೇಲೆ ಬರೆಸಿಕೊಳ್ಳಿ. ಕಾರು ಪಡೆಯುವ ದಿನ ಅದೇ ನಂಬರಿನ ಕಾರು ಇಲ್ಲದಿದ್ದರೆ ಅದನ್ನು ಒಪ್ಪಬೇಕಾಗಿಲ್ಲ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಮಾರಾಟ ವಿಭಾಗ