ಕೊಲೆಯಾದ ರಾತ್ರಿ ಮಳೆ ಬಂದಿರಲಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ಹಳೇ ಕೊಲೆಯ ಮೇಲೆ ಕ್ರೈಂ ಸರಣಿ ಬರುತ್ತಿದೆ, ಶಿವಮೊಗ್ಗಕ್ಕೇ ಹೆಮ್ಮೆ ಅಂತ ಮೊನ್ನೆ ಫೋಟೋ ಸಮೇತ ಹಾಕಿದ್ದೀರಿ. ಹೆಮ್ಮೆ ಎಷ್ಟಿದೆ ಅಂತ ಬೀದಿಯಲ್ಲಿ ಇರುವವರನ್ನೂ ಒಂದು ಮಾತು ಕೇಳಬಹುದಿತ್ತು.

ಶೂಟಿಂಗ್ ರಾತ್ರಿ ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿದರು. ಮಂಡಿನೋವಿನ ಅಮ್ಮನನ್ನು ಸ್ಕೂಟರ್‌ನಿಂದ ಇಳಿಸಿ, ಕೈ ಹಿಡಿದು ನಡೆಸಿಕೊಂಡು ಮನೆ ಸೇರಬೇಕಾಯಿತು. ಬಾಗಿಲ ಮುಂದೆಯೇ ಜನರೇಟರ್. ಮಗಳಿಗೆ ಬೆಳಗ್ಗೆ ಪರೀಕ್ಷೆ. ಸಾಲದ್ದಕ್ಕೆ ಟ್ಯಾಂಕರ್ ತಂದು ಮಳೆ ಬೇರೆ ಸುರಿಸಿದರು. ಮಲೆನಾಡಲ್ಲಿ ಮಳೆಗೆ ಬರ ನೋಡಿ! ಕೊಲೆ ನಡೆದದ್ದು ಬಿರುಬೇಸಿಗೆಯಲ್ಲಿ, ಆವತ್ತು ಒಂದು ಹನಿಯೂ ಬಿದ್ದಿರಲಿಲ್ಲ ಅಂತ ನಾನು ಹೇಳಿದೆ. 'ಮಳೆ ಇಲ್ದಿದ್ರೆ ಮೂಡ್ ಬರಲ್ಲ ಸಾರ್' ಅಂದರು. ಮೂಡ್‌ಗೆ ಮಳೆ ತರುವವರು ನಾಳೆ ಮೂಡ್‌ಗೆ ಸಾಕ್ಷಿಯನ್ನೂ ತರುತ್ತಾರೆ ಅಂತ ಆಗಲೇ ಅನ್ನಿಸಿತ್ತು.

ತಂದೇ ಬಿಟ್ಟರು. ಎದುರು ಮನೆಯ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, 'ಆವತ್ತು ಪೊಲೀಸ್ ಜೀಪು ಬಂದಿದ್ದು ನೋಡಿದ್ರಾ' ಅಂತ ಕೇಳಿದರು. 'ಹೌದಪ್ಪ, ಕಣ್ಣಾರೆ ನೋಡಿದ್ದೆ' ಅಂದರು ಅಜ್ಜಿ. ನಾನು ಅಲ್ಲೇ ನಿಂತಿದ್ದೆ. ಈಗ ಬಿಟ್ಟಿರುವ ಟ್ರೇಲರ್‌ನಲ್ಲಿ ಗಡಸು ದನಿಯೊಂದು 'ಕೊಲೆಗಾರನನ್ನು ನೋಡಿದವರು ಯಾರು?' ಅನ್ನುತ್ತದೆ. ಮೇಲೆ ಒಂದು ಸಿಡಿಲು. ಆಮೇಲೆ ಅಜ್ಜಿಯ 'ಕಣ್ಣಾರೆ ನೋಡಿದ್ದೆ'! ಅಜ್ಜಿ ಆವತ್ತಿನಿಂದ ಬಾಗಿಲು ಹಾಕಿಕೊಂಡು ಒಳಗಿದ್ದಾರೆ.

ಇದೇನು ನಮ್ಮವರು ಕಂಡುಹಿಡಿದ ಕಸುಬಲ್ಲ. ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ 2015ರಲ್ಲಿ 'ದಿ ಜಿಂಕ್ಸ್' ಅಂತ ಸರಣಿ ಬಂದಿತ್ತು. ರಾಬರ್ಟ್ ಡರ್ಸ್ಟ್ ಎಂಬ ಶ್ರೀಮಂತನ ಮೇಲಿದ್ದ ಕೊಲೆ ಆರೋಪಗಳ ಕಥೆ. ಅವನು ಬಚ್ಚಲಿಗೆ ಹೋದಾಗಲೂ ಬಟ್ಟೆಗೆ ಸಿಕ್ಕಿಸಿದ್ದ ಮೈಕ್ ಚಾಲೂ ಇತ್ತು. 'ನಾನೇನು ಮಾಡಿಬಿಟ್ಟೆ? ಎಲ್ಲರನ್ನೂ ಕೊಂದೆ, ಮತ್ತೇನು' ಎಂಬ ಅವನ ಗೊಣಗಾಟದ ಮೇಲೆ ಸರಣಿ ಮುಗಿಯಿತು. ಜಗತ್ತೇ ಬೆರಗಾಯಿತು. 2019ರಲ್ಲಿ ಕೋರ್ಟಿನ ಕಾಗದಪತ್ರದಲ್ಲಿ ಪೂರ್ತಿ ಮಾತು ಹೊರಬಂದಾಗ ನೋಡಿದರೆ, 'ಕೊಂದೆ' ಅಂದದ್ದು ಮೊದಲು, 'ಏನು ಮಾಡಿಬಿಟ್ಟೆ' ಅಂದದ್ದು ಕೊನೆಗೆ. ನಡುವೆ ಬೇರೆ ಏನೇನೋ ಗೊಣಗಿದ್ದ. ಹಿಂದಿನದನ್ನು ಮುಂದೆ ಮಾಡಿ, ನಡುವಿನದನ್ನು ಕತ್ತರಿಸಿ, ಪ್ರಶ್ನೆ-ಉತ್ತರದ ಹಾಗೆ ಅಂಟಿಸಿದ್ದರು. ಆತನ ಮೇಲಿನ ಒಂದು ಕೊಲೆ 2021ರಲ್ಲಿ ಕೋರ್ಟಿನಲ್ಲಿ ಸಾಬೀತಾಯಿತು, ಸರಿ. ಆದರೆ ಅಷ್ಟು ಹೆಸರು ಮಾಡಿದ ಸರಣಿಯಲ್ಲೇ ಹೀಗಾದರೆ, ಸಿಡಿಲು ಹೊಡೆಸುವವರ ಕೈಯಲ್ಲಿ ನಮ್ಮ ಅಜ್ಜಿಯ ಪಾಡೇನು?

ಅಂಟು ಎಲ್ಲಿದೆ ಅಂತ ಕಣ್ಣಿಟ್ಟರೆ ಸುಮಾರಾಗಿ ಗೊತ್ತಾಗುತ್ತದೆ. ಪ್ರಶ್ನೆ ಕೇಳಿದವರ ದನಿ ಇರುವುದಿಲ್ಲ. ಮಾತು ನಡೆಯುತ್ತಿರುವಾಗಲೇ ಮುಖ ಮಾಯವಾಗಿ ಮಳೆ, ಕಾಗೆ, ಖಾಲಿ ರಸ್ತೆ ಬರುತ್ತದೆ. ಕತ್ತರಿ ಆಡಿದ್ದರೆ ಅದು ಮುಚ್ಚಿಹೋಗುವುದು ಅಲ್ಲೇ. ನಟರು ಮಾಡಿದ ದೃಶ್ಯ ಯಾವುದು, ನಿಜವಾದ ಚಿತ್ರ ಯಾವುದು ಅಂತ ತೆರೆಯ ಮೇಲೆ ಬರೆದಿರುವುದಿಲ್ಲ.

ನಾನು ಇಂಥವನ್ನು ನೋಡಲೇಬಾರದು ಅನ್ನುವವನಲ್ಲ. 2018ರಲ್ಲಿ ದೆಹಲಿಯ ಬುರಾರಿಯಲ್ಲಿ ಒಂದೇ ಮನೆಯ 11 ಜನ ಸತ್ತಾಗ, ಗೋಡೆಯ ಪೈಪುಗಳನ್ನು ಎಣಿಸಿ ಮಾಟಮಂತ್ರ ಅಂತ ಟಿವಿಯವರು ಕುಣಿದದ್ದು ನೆನಪಿದೆ ಅಲ್ವಾ? ಅದರ ಮೇಲೆ ಲೀನಾ ಯಾದವ್ 2021ರಲ್ಲಿ ಮೂರು ಕಂತಿನ ಸಾಕ್ಷ್ಯಚಿತ್ರ ಮಾಡಿದರು. ಸಂಬಂಧಿಕರು, ನೆರೆಯವರು, ಪೊಲೀಸರು, ಮನೋವೈದ್ಯರು ಎಲ್ಲರೂ ನಿಧಾನವಾಗಿ ಮಾತಾಡುತ್ತಾರೆ. ಸತ್ತವರು ಬದುಕಿದ್ದಾಗ ಹೇಗಿದ್ದರು ಅನ್ನುವುದು ಕಾಣುತ್ತದೆ. ಟಿವಿಯವರ ಆ ಕುಣಿತವನ್ನೂ ತೋರಿಸಿದ್ದಾರೆ. ಭಯ ಕಡಿಮೆಯೇನಲ್ಲ, ಮಗಳು ಆ ರಾತ್ರಿ ಲೈಟ್ ಆರಿಸಲಿಲ್ಲ. ಆದರೆ ಯಾರ ಹೆಣವನ್ನೂ ಮಾರಿದ ಹಾಗೆ ಅನ್ನಿಸಲಿಲ್ಲ.

ನಮ್ಮ ಬೀದಿಯ ಸರಣಿಯವರು ಸತ್ತವನ ಹೆಂಡತಿಯನ್ನು ಕೇಳಲೇ ಇಲ್ಲ. ಆಕೆ ಇಲ್ಲೇ ಟೈಲರಿಂಗ್ ಮಾಡಿಕೊಂಡಿದ್ದಾರೆ. ಅವರ ಮದುವೆ ಫೋಟೋ ಎಲ್ಲಿಂದಲೋ ಎತ್ತಿ ಪೋಸ್ಟರ್ ಮಾಡಿ, ಅದಕ್ಕೆ ರಕ್ತದ ಬಣ್ಣ ಬಳಿದಿದ್ದಾರೆ. ನಿಮ್ಮ ವರದಿಯಲ್ಲಿ ಅದೇ ಪೋಸ್ಟರ್, ಬಣ್ಣದಲ್ಲಿ.

ಇನ್ನು ಅನುಮತಿ ಕೊಟ್ಟ ಮಹಾನುಭಾವರು. ಬೀದಿದೀಪ ಕೆಟ್ಟಿದೆ ಅಂದರೆ ಅನುದಾನ ಇಲ್ಲ. ಚರಂಡಿ ಹೂಳು ತೆಗೆಸಿ ಅಂದರೆ ಮಳೆಗಾಲ ಮುಗಿಯಲಿ. ಮಳೆಗಾಲ ಮುಗಿದರೆ ಸಾಹೇಬರು ಮೀಟಿಂಗ್‌ನಲ್ಲಿ. ಶೂಟಿಂಗ್‌ಗೆ ಮಾತ್ರ ಒಂದೇ ದಿನದಲ್ಲಿ ಸಹಿ! ಸಾಹೇಬರೇ ಬಂದು ಕೊಲೆಗಾರನ ಪಾತ್ರದವನ ಜೊತೆ ಸೆಲ್ಫಿ ತೆಗೆಸಿಕೊಂಡರು. ಚರಂಡಿ ಅವರ ಕಾಲ ಬುಡದಲ್ಲೇ ಇತ್ತು. ಅಗೆದು ಬಿಟ್ಟ ರಸ್ತೆಯ ಕಥೆ ಬರೆಯಲು ಇನ್ನೊಂದು ಪತ್ರವೇ ಬೇಕು.

ಆ ಟ್ರೇಲರ್ ತೆಗೆಸಿ. ಸಂಬಂಧಪಟ್ಟವರು ಕ್ರಮ ಕೈಗೊಳ್ಳಲಿ. ಇಲ್ಲವೇ ಬೀದಿದೀಪವನ್ನಾದರೂ ಹಾಕಿಸಲಿ. ನೀವೂ ಅಷ್ಟೇ, ಪ್ರೆಸ್ ನೋಟ್ ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕುವ ಮೊದಲು ಆ ಹೆಂಗಸಿನ ಅಂಗಡಿಗೆ ಒಂದು ಸಲ ಹೋಗಿ ಬನ್ನಿ. ನಿಮ್ಮ ಕಚೇರಿಯಿಂದ ಏನೂ ದೂರವಿಲ್ಲ.

– ನೊಂದ ನಿವಾಸಿ, ಶಿವಮೊಗ್ಗ